ಅಂಗಡಿಯವರಿಗೆ 30 ಸೆಕೆಂಡಿನ ವಿಡಿಯೊ ಸ್ಕ್ರಿಪ್ಟ್

ಪ್ರಶ್ನೆ: ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಲಿಂಕ್ಡ್‌ಇನ್‌ನಲ್ಲಿ ಹಾಕಲು 30 ಸೆಕೆಂಡಿನ ವಿಡಿಯೊ ಬೇಕು. ನೋಡುವವರು ಪುರುಸೊತ್ತಿಲ್ಲದ ಸಣ್ಣ ಅಂಗಡಿಯವರು. ಸ್ಕ್ರಿಪ್ಟ್ ಹೇಗೆ ಬರೆಯಲಿ?

ನಿಮ್ಮ ಸಾಫ್ಟ್‌ವೇರ್ ಬಿಲ್, ಸ್ಟಾಕ್, ಜಿಎಸ್‌ಟಿ ಎಲ್ಲಾ ಮಾಡುತ್ತಿರಬಹುದು. ಈ ವಿಡಿಯೊದಲ್ಲಿ ಒಂದೇ ಒಂದನ್ನು ಹೇಳಿ. ನಾನಾಗಿದ್ದರೆ ಉದ್ರಿ ಲೆಕ್ಕವನ್ನು ಆರಿಸುತ್ತೇನೆ. ಅದು ಅಂಗಡಿಯವರಿಗೆ ದಿನಾ ಎದುರಾಗುವ ತಲೆನೋವು, ವಿವರಿಸಿ ಹೇಳಬೇಕಾಗಿಯೇ ಇಲ್ಲ.

ನಾನು ಬರೆದ ಮೊದಲ ಸ್ಕ್ರಿಪ್ಟ್ ಲೋಗೊದಿಂದ ಶುರುವಾಗುತ್ತಿತ್ತು. ಆಮೇಲೆ ‘ನಮಸ್ಕಾರ, ನಮ್ಮ ಕಂಪನಿ...’ ಅಂತ ಮಾತು. ಜಾಸ್ತಿ ಜನ ಅಷ್ಟರಲ್ಲೇ ಮುಂದಕ್ಕೆ ಸರಿದುಬಿಟ್ಟಿದ್ದರು. ಲಿಂಕ್ಡ್‌ಇನ್ ಫೀಡ್‌ನಲ್ಲಿ ವಿಡಿಯೊ ಸಾಮಾನ್ಯವಾಗಿ ಸದ್ದಿಲ್ಲದೆ ತಾನಾಗಿಯೇ ಓಡುತ್ತದೆ. ಅಂದರೆ ನನ್ನ ನಮಸ್ಕಾರ ಯಾರ ಕಿವಿಗೂ ಬಿದ್ದಿರಲಿಲ್ಲ. ಹಾಗಾಗಿ ಈಗ ಮೊದಲು ಚಿತ್ರ ಮತ್ತು ಪರದೆ ಮೇಲಿನ ಅಕ್ಷರ ಬರೆಯುತ್ತೇನೆ, ಮಾತು ಆಮೇಲೆ.

ಕಿರಾಣಿ ಅಂಗಡಿ ಅಂದುಕೊಳ್ಳಿ. ಹೀಗೆ ಬರೆಯಬಹುದು:

0–4 ಸೆಕೆಂಡ್: ರಾತ್ರಿ ಎಂಟು ಗಂಟೆ, ಕೌಂಟರ್ ಮುಂದೆ ನಾಲ್ಕು ಜನ. ಮಾಲೀಕರ ಬೆರಳು ಉದ್ರಿ ಪುಸ್ತಕದ ಹಾಳೆ ತಿರುವುತ್ತಿದೆ. ಅಕ್ಷರ: ‘ಅಣ್ಣಾ, ನನ್ನ ಬಾಕಿ ಎಷ್ಟು?’

4–12: ಹಾಳೆ ಸಿಗುತ್ತಿಲ್ಲ. ಹಿಂದಿನವರು ಕೈಯಲ್ಲಿ ಸಾಮಾನು ಹಿಡಿದು ಕಾಯುತ್ತಿದ್ದಾರೆ. ಅಕ್ಷರ ಬೇಡ, ಮುಖ ಸಾಕು.

12–24: ಫೋನಿನಲ್ಲಿ ಹೆಸರು ಒತ್ತುತ್ತಾರೆ. ಹಳೇ ಬಾಕಿ ₹1,310, ಇವತ್ತಿನದು ₹165, ಒಟ್ಟು ₹1,475. ಗಿರಾಕಿಯ ಫೋನಿಗೆ ಮೆಸೇಜ್ ಹೋಗುತ್ತದೆ.

24–30: ಮಾಲೀಕರು ಮುಂದಿನ ಗಿರಾಕಿಯತ್ತ ತಿರುಗುತ್ತಾರೆ. ಅಕ್ಷರ: ‘ಒಬ್ಬ ಗಿರಾಕಿಯ ಲೆಕ್ಕ ಹಾಕಿ ನೋಡಿ.’ ಕೆಳಗೆ ನಿಮ್ಮ ಹೆಸರು.

ಆ ಮೊತ್ತಗಳನ್ನು ಬೇಕೆಂದೇ ಹಾಗಿಟ್ಟಿದ್ದೇನೆ. ‘ಗ್ರಾಹಕ 1, ₹1,000’ ಅಂತ ತೋರಿಸಿದರೆ ಅಂಗಡಿಯವರಿಗೆ ಸುಳ್ಳು ಲೆಕ್ಕ ಅಂತ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಕಂಪ್ಯೂಟರ್ ಪರದೆಯನ್ನು ಇಡಿಯಾಗಿ ರೆಕಾರ್ಡ್ ಮಾಡಿ ಹಾಕಬೇಡಿ. ಫೋನಿನಲ್ಲಿ ನೋಡುವವರಿಗೆ ಆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ₹1,475 ಇರುವ ಜಾಗವನ್ನಷ್ಟೇ ದೊಡ್ಡದು ಮಾಡಿ ತೋರಿಸಿ, ಓದಲು ಎರಡು ಸೆಕೆಂಡಾದರೂ ನಿಲ್ಲಿಸಿ.

ಹಿನ್ನೆಲೆ ಮಾತು ಬೇಕೆಂದರೆ 50 ಪದ ದಾಟಿಸಬೇಡಿ. ಕನ್ನಡದ ಪದಗಳು ಉದ್ದ, ಇಂಗ್ಲಿಷ್ ಸ್ಕ್ರಿಪ್ಟಿನ ಪದಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಉಸಿರು ಕಟ್ಟಿದರೆ ಪದ ಕಡಿಮೆ ಮಾಡಿ, ಓದುವ ವೇಗ ಹೆಚ್ಚಿಸಬೇಡಿ.

ಹಾಕುವ ಮೊದಲು ಪರಿಚಯದ ಅಂಗಡಿಯವರೊಬ್ಬರಿಗೆ ಸೌಂಡ್ ತೆಗೆದು ಒಂದು ಸಲ ತೋರಿಸಿ. ‘ಇದು ಏನು ಮಾಡುತ್ತೆ?’ ಅಂತ ಕೇಳಿ. ‘ಯಾವುದೋ ಬಿಲ್ ಆ್ಯಪ್ ಅಲ್ವಾ’ ಅಂದರೆ ಮೊದಲ 12 ಸೆಕೆಂಡನ್ನು ಮತ್ತೆ ಬರೆಯಿರಿ. ‘ಬಾಕಿ ಹುಡುಕೋ ಕೆಲಸ ತಪ್ಪುತ್ತೆ’ ಅಂದರೆ ಶೂಟಿಂಗ್ ಮಾಡಿಸಿದ್ದು ಹಾಗೇ ಹಾಕಿ.