ಅಂತರ್ಯುದ್ಧದಲ್ಲಿ ಕಾಣೆಯಾದ ಪೀಳಿಗೆ

"20 ವರ್ಷಕ್ಕೊಂದು ಪೀಳಿಗೆ, ನಾಲ್ಕು ಪೀಳಿಗೆಗೊಂದು ದೊಡ್ಡ ಬಿಕ್ಕಟ್ಟು ಅಂತಾರಲ್ಲ ಅಮೆರಿಕದ ಲೇಖಕರಾದ ಸ್ಟ್ರಾಸ್ ಮತ್ತು ಹೋವ್, ಅಮೆರಿಕದ ಇತಿಹಾಸಕ್ಕೆ ಅದು ಹೊಂದುತ್ತಲ್ವಾ?"

ಅಂತರ್ಯುದ್ಧದ ಹತ್ತಿರ ಬಂದಾಗ ಹೊಂದಲ್ಲ ಸರ್. ಅವರ ಪ್ರಕಾರ ಪ್ರವಾದಿ, ಅಲೆಮಾರಿ, ವೀರ, ಕಲಾವಿದ ಎಂಬ ನಾಲ್ಕು ಬಗೆಯ ಪೀಳಿಗೆಗಳು ಇದೇ ಸರದಿಯಲ್ಲಿ ಚಕ್ರದಂತೆ ಮತ್ತೆ ಮತ್ತೆ ಬರಬೇಕು. ಬಿಕ್ಕಟ್ಟಿನ ಹೊತ್ತಿಗೆ ಪ್ರಾಯಕ್ಕೆ ಬರುವವರೇ ವೀರರು. ಹಾಗಿದ್ದರೆ 1861–65ರಲ್ಲಿ ಬಂದೂಕು ಹಿಡಿದ ಹುಡುಗರು ವೀರರಾಗಬೇಕಿತ್ತು. ಆದರೆ ಅವರದೇ ಪಟ್ಟಿ ನೋಡಿ: 1822–42ರಲ್ಲಿ ಹುಟ್ಟಿದವರು ಅಲೆಮಾರಿಗಳು, 1843–59ರವರು ನೇರವಾಗಿ ಕಲಾವಿದರು. ನಡುವಿನ ವೀರರೇ ಮಾಯ!

ಬಿಕ್ಕಟ್ಟು ಬೇಗ ಬಂದು ಕೆಟ್ಟದಾಗಿ ಮುಗಿದದ್ದರಿಂದ ವೀರ ಪೀಳಿಗೆ ರೂಪುಗೊಳ್ಳಲಿಲ್ಲ ಅನ್ನೋದು ಅವರ ಸಮಜಾಯಿಷಿ. ಅಲ್ಲಿಗೆ ಚಕ್ರದ ಗಡುವೂ ಹೋಯಿತು, ಸರದಿಯೂ ಹೋಯಿತು. ಹೊಂದಿದರೆ ಸಾಕ್ಷ್ಯ, ಹೊಂದದಿದ್ದರೆ ಅಪವಾದ ಅಂದಮೇಲೆ ಸುಳ್ಳಾಗೋದಾದರೂ ಯಾವಾಗ?

ಗಡಿಯೂ ಅಷ್ಟೇ. ಒಂದೇ ಊರಿನಲ್ಲಿ 1842ರ ಡಿಸೆಂಬರ್‌ನಲ್ಲಿ ಒಬ್ಬ, 1843ರ ಜನವರಿಯಲ್ಲಿ ಇನ್ನೊಬ್ಬ ಹುಟ್ಟಿ, ಇಬ್ಬರೂ ಒಂದೇ ತುಕಡಿಗೆ ಸೇರಿದರು ಅಂದುಕೊಳ್ಳಿ. ಒಬ್ಬ ಅಲೆಮಾರಿ, ಇನ್ನೊಬ್ಬ ಕಲಾವಿದ! ಅದೇ ವರ್ಷ ದಕ್ಷಿಣದ ಹತ್ತಿ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನಿಗೂ ಅದೇ ಹಣೆಪಟ್ಟಿ.