ವಿದೇಶದಿಂದ ಬರುವ ಹಣಕ್ಕೆ ಬ್ಯಾಂಕ್ ಚಾರ್ಜ್ ಯಾರು ಕೊಡಬೇಕು?

"1,000 ಡಾಲರ್ ಬಿಲ್‌ಗೆ 975 ಬಂತು. ಚಾರ್ಜ್ ನೀವೇ ಕೊಡಿ ಅಂತ ದುಬೈ ಕ್ಲೈಂಟ್‌ಗೆ ಹೇಗೆ ಕೇಳಲಿ?"

ಸುಮ್ನೆ "ಚಾರ್ಜ್ ನಿಮ್ಮದು" ಅಂದರೆ ಸಾಲದು. ಅವರು ತಮ್ಮ ಬ್ಯಾಂಕಿನ ಫೀಸ್ ಮಾತ್ರ ಅಂದುಕೊಳ್ಳುತ್ತಾರೆ. ದುಡ್ಡು ಸೋರುವುದು ಜಾಸ್ತಿ ನಡುವಿನ ಬ್ಯಾಂಕಿನಲ್ಲಿ, ಅಲ್ವಾ? ಕೆಲಸ ಶುರುವಾಗುವ ಮೊದಲೇ ಮೇಲ್ ಹಾಕಿ:

"ನಮ್ಮ ಖಾತೆಗೆ ಪೂರ್ತಿ 1,000 ಡಾಲರ್ ಸೇರಬೇಕು. ನಡುವಿನ ಬ್ಯಾಂಕಿನ ಚಾರ್ಜೂ ನಿಮ್ಮದೇ ಎಂದು ದಯವಿಟ್ಟು ಖಚಿತಪಡಿಸಿ. ಹಣ ಕಳಿಸುವಾಗ, ಎಲ್ಲ ಚಾರ್ಜೂ ಕಳಿಸುವವರದೇ ಎನ್ನುವ OUR ಆಯ್ಕೆಯನ್ನು ಆರಿಸಿ."

ಹಣ ಕಳಿಸಿದ ಮೇಲೆ, ಅದಕ್ಕೆ ದಾಖಲೆಯಾಗಿ ಅವರ ಬ್ಯಾಂಕ್ ಕೊಡುವ ಸ್ವಿಫ್ಟ್ ಕಾಪಿ ಕೇಳಿ. 71A ಎಂಬಲ್ಲಿ SHA ಅಂತಿದ್ದರೆ ಚಾರ್ಜ್ ಹಂಚಿಹೋಗಿದೆ. ಮೇಲ್ ತೋರಿಸಿ ಬಾಕಿ 25 ಡಾಲರ್ ಕೇಳಬಹುದು. ಡಾಲರನ್ನು ರೂಪಾಯಿ ಮಾಡುವಾಗ ನಮ್ಮ ಬ್ಯಾಂಕ್ ಹಿಡಿಯುವ ಜಿಎಸ್‌ಟಿ ಮಾತ್ರ OUR ಹಾಕಿದರೂ ತಪ್ಪುವುದಿಲ್ಲ.