ಕನ್ನಡ ಮೆಸೇಜ್ ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಸುವುದು

«ಕಲಬುರಗಿ ಸೇಡಂ ರಸ್ತೆದಾಗ ನಮ್ದು ಹಲ್ಲಿನ ಕ್ಲಿನಿಕ್. 118 ಅಕ್ಷರದ ಕನ್ನಡ ಮೆಸೇಜ್‌ಗೆ ಎರಡು ಎಸ್‌ಎಂಎಸ್ ರೊಕ್ಕ ಕಟ್ ಆಗ್ತದ. 160 ತನಕ ಒಂದೇ ಅಲ್ಲೇನ್ರಿ?»

160ರ ಮಿತಿ ಇಂಗ್ಲಿಷ್ ಅಕ್ಷರಗಳಿಗಷ್ಟೇ ರೀ. ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜಿನ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನು ದಾಟಿದರೆ ತುಂಡಿಗೆ 67ರಂತೆ ಒಡೆಯುತ್ತದೆ, ಹಂಗಾಗಿ ನಿಮ್ಮ 118ಕ್ಕೆ ಎರಡು.

ಕಣ್ಣಳತೆಯಲ್ಲಿ ಎಣಿಸಬೇಡಿ. ಗುಣಿತದ ಚಿಹ್ನೆ, ಒತ್ತಿನ ವಿರಾಮ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಕ್ಲಿನಿಕ್' ನೋಡಲು ಮೂರು, ಲೆಕ್ಕಕ್ಕೆ 8. ಶೀಟ್‌ನಲ್ಲಿ ಅಂಟಿಸಿ ಎಣಿಸಿ:

```
=LEN(A1)
```

ಮೊದಲು ನಮಸ್ಕಾರ, 'ದೃಢಪಟ್ಟಿದೆ', 'ದಯವಿಟ್ಟು' ತೆಗೆಯಿರಿ. ದಿನಾಂಕ, ಹೊತ್ತು ಇದ್ದರೆ ದೃಢಪಟ್ಟಂತೆಯೇ. 'ಹಲ್ಲಿನ' ಬದಲು 'ದಂತ' ಎಂದರೆ 3 ಉಳಿಯುತ್ತದೆ. ವಾರದ ಹೆಸರು ಮಾತ್ರ ಬಿಡಬೇಡಿ, ತಾರೀಖು ಮರೆತವರಿಗೂ ವಾರ ನೆನಪಿರುತ್ತದೆ. 'ಬೆ.' ಅಥವಾ 'ಸಂ.' ಕೂಡ ಇರಲಿ, ಇಲ್ಲದಿದ್ದರೆ 7:30ಕ್ಕೆ ಯಾವಾಗ ಬರಬೇಕೆಂದು ಫೋನ್ ಬರುತ್ತದೆ.

```
12/3 ಗುರು ಬೆ.10:30. ದಂತ ಕ್ಲಿನಿಕ್, ಸೇಡಂ ರಸ್ತೆ. ಕರೆ 08472XXXXXX
```

ಇದು 61. ಉಳಿದ 9 ಖಾಲಿಯೇ ಇರಲಿ: 'ಶುಕ್ರ', '25/12' ಬಂದಾಗ 63 ಆಗುತ್ತದೆ. ಕ್ಲಿನಿಕ್ಕಿನ ಹೆಸರು ಹಾಕುವುದಾದರೆ 'ದಂತ' ಇರುವಲ್ಲಿ ಹಾಕಿ, ಮತ್ತೆ ಎಣಿಸಿ. ಅಕ್ಷರ ಕೂಡದಂತೆ ತಡೆಯುವ ಕಾಣದ ಚಿಹ್ನೆಯೂ ಒಂದು ಲೆಕ್ಕ. ಎಣಿಕೆ ಒಂದೆರಡು ಹೆಚ್ಚು ಬಂದರೆ ಬಹುಶಃ ಅದೇ ಕಾರಣ, ಪದ ಅಳಿಸಿ ಹೊಸದಾಗಿ ಟೈಪ್ ಮಾಡಿ.

ಒಕ್ಕಣೆ ಬದಲಾದ್ದರಿಂದ ಟೆಲಿಕಾಂ ಕಂಪನಿಗಳ ಮೆಸೇಜ್ ನೋಂದಣಿ ಪೋರ್ಟಲ್ ಆದ ಡಿಎಲ್‌ಟಿಯಲ್ಲಿ ಹೊಸ ಟೆಂಪ್ಲೇಟ್ ಒಪ್ಪಿಗೆ ಬೇಕು. ಸಲ್ಲಿಸುವಾಗ ಯೂನಿಕೋಡ್ ಎಂದೇ ಆರಿಸಿ. ಒಪ್ಪಿಗೆ ಬಂದ ಮೇಲೆ ನಿಮ್ಮದೇ ನಂಬರಿಗೆ ಒಂದು ಕಳಿಸಿ, ಎಷ್ಟು ಕ್ರೆಡಿಟ್ ಕಟ್ ಆಯಿತು ನೋಡಿ.